ಒಂದು ಬ್ಯಾಕ್ಟೀರಿಯಂ, ಎರಡು ನ್ಯೂಕ್ಲಿಯೈ

‘ಎ ಬ್ಯಾಕ್ಟೀರಿಯಾ ಹ್ಯಾಸ್ ಎ ಸೆಲ್ ವಾಲ್.’ ಇಂಗ್ಲಿಷ್ ಮಾಧ್ಯಮದ ಪಿಯು ಜೀವಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಈ ವಾಕ್ಯ ಹಳೆಯ ಪರಿಚಯ. ಬ್ಯಾಕ್ಟೀರಿಯಾ ಬಹುವಚನ, ಅದರ ಏಕವಚನ ಬ್ಯಾಕ್ಟೀರಿಯಂ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮುಂದಿನ ಟೆಸ್ಟ್‌ನಲ್ಲಿ ಅದೇ ವಾಕ್ಯ ಮತ್ತೆ ಬಂದು ಕೂರುತ್ತದೆ.

ಇದು ಮಕ್ಕಳ ಉದಾಸೀನವಲ್ಲ, ಮನೆಮಾತಿನ ಕೈವಾಡ ಎಂದು ನನ್ನ ಗುಮಾನಿ. ಅಂಗಡಿಯಿಂದ ಬಂದವರು ‘ಹತ್ತು ತೆಂಗಿನಕಾಯಿ ತಂದೆ’ ಎನ್ನುತ್ತಾರೆಯೇ ಹೊರತು ‘ಹತ್ತು ತೆಂಗಿನಕಾಯಿಗಳನ್ನು ತಂದೆ’ ಎನ್ನುವುದಿಲ್ಲ. ಸಂಖ್ಯೆ ಮುಂದೆಯೇ ಇರುವಾಗ ‘ಗಳು’ ಯಾಕೆ ಬೇಕು? ಹೀಗಾಗಿ ಒಂದು ಬ್ಯಾಕ್ಟೀರಿಯಾ, ನೂರು ಬ್ಯಾಕ್ಟೀರಿಯಾ ಎರಡೂ ನಮ್ಮ ಕಿವಿಗೆ ಸರಿಯೇ. ಕನ್ನಡದಲ್ಲಿ ಉತ್ತರ ಬರೆಯುವವರು ‘ಬ್ಯಾಕ್ಟೀರಿಯಾಗಳು’ ಎಂದರೂ ನನ್ನ ತಕರಾರಿಲ್ಲ. ಆ ಪದ ಕನ್ನಡಕ್ಕೆ ಬಂದು ಇಲ್ಲಿಯ ಪ್ರತ್ಯಯ ತೊಟ್ಟಾಗಿದೆ. ಇಂಗ್ಲಿಷ್ ಉತ್ತರದಲ್ಲಿ ಮಾತ್ರ ಅದು ಹಳೆಯ ವೇಷದಲ್ಲೇ ಇರಬೇಕು.

ಆ ವೇಷ ಗ್ರೀಕರದು. ಚಿಕ್ಕ ಕೋಲು ಎಂಬ ಅರ್ಥದ ಗ್ರೀಕ್ ಪದ ಲ್ಯಾಟಿನ್ ರೂಪ ತಾಳಿ ಬ್ಯಾಕ್ಟೀರಿಯಂ ಆಯಿತು. ಮೈಟೊಕಾಂಡ್ರಿಯನ್ ಹೆಸರನ್ನು 1898ರಲ್ಲಿ ಕಟ್ಟಿದವರು ಜರ್ಮನಿಯ ಕಾರ್ಲ್ ಬೆಂಡಾ: ದಾರ, ಹರಳು ಎಂಬ ಎರಡು ಗ್ರೀಕ್ ಪದಗಳ ಜೋಡಣೆ ಅದು. ‘ಅಂ’ ಅಥವಾ ‘ಆನ್’ ಎಂದು ಕೊನೆಗೊಳ್ಳುವ ಇಂಥ ಪದಗಳು ಬಹುವಚನದಲ್ಲಿ ‘ಆ’ ಆಗುತ್ತವೆ. ಓವಂ ಓವಾ ಆಗುತ್ತದೆ, ಸಿಲಿಯಂ ಸಿಲಿಯಾ ಆಗುತ್ತದೆ. ಅದಕ್ಕೆ ಮತ್ತೆ ‘ಎಸ್’ ಹಚ್ಚಿ ಮೈಟೊಕಾಂಡ್ರಿಯಾಸ್ ಎಂದು ಬರೆಯುವಂತಿಲ್ಲ. ಹಾಗೆಂದು ‘ಆ’ ಕಂಡಲ್ಲೆಲ್ಲ ಬಹುವಚನ ಎಂದುಕೊಂಡರೂ ಕೆಟ್ಟಿತು. ಆಲ್ಗ, ಲಾರ್ವ ಏಕವಚನಗಳು. ಅವುಗಳ ಬಹುವಚನ ಆಲ್ಗೆ, ಲಾರ್ವೆ.

ಎಲ್ಲರಿಗೂ ಬಾಯಿಪಾಠವಾಗಿರುವ ‘ಮೈಟೊಕಾಂಡ್ರಿಯಾ ಈಸ್ ದಿ ಪವರ್‌ಹೌಸ್ ಆಫ್ ದಿ ಸೆಲ್’ ಎಂಬ ವಾಕ್ಯವೂ ಇದೇ ಜಾತಿಯದು. ಒಂದೋ ಮೈಟೊಕಾಂಡ್ರಿಯನ್ ಈಸ್, ಇಲ್ಲವೇ ಮೈಟೊಕಾಂಡ್ರಿಯಾ ಆರ್. ಚಿತ್ರದಲ್ಲೂ ಅಷ್ಟೇ. ಜೀವಕೋಶ ಬರೆದು ಒಂದೇ ಒಂದಕ್ಕೆ ಗೆರೆ ಎಳೆದಿದ್ದರೆ ಗೆರೆಯ ತುದಿಯಲ್ಲಿ ಮೈಟೊಕಾಂಡ್ರಿಯನ್ ಎಂದಿರಬೇಕು. ನಾಲ್ಕಾರನ್ನು ಒಟ್ಟಿಗೆ ಗುರುತಿಸಿದ್ದರೆ ಮೈಟೊಕಾಂಡ್ರಿಯಾ.

ಇದಕ್ಕೆಲ್ಲ ನಾನು ಅಂಕ ಕತ್ತರಿಸಿದವನಲ್ಲ. ಏನು ಹೇಳಹೊರಟಿದ್ದಾರೆಂದು ತಿಳಿಯುತ್ತದಲ್ಲ, ಕೆಂಪು ಗೆರೆ ಎಳೆದು ಮುಂದೆ ಹೋಗುತ್ತೇನೆ. ಆದರೆ ಒಂದು ಪ್ರಶ್ನೆಯಲ್ಲಿ ವಚನ ತಪ್ಪಿದರೆ ವ್ಯಾಕರಣವಲ್ಲ, ಜೀವಶಾಸ್ತ್ರವೇ ತಪ್ಪುತ್ತದೆ. ಅದು ಹೂಬಿಡುವ ಸಸ್ಯಗಳ ಇಮ್ಮಡಿ ನಿಷೇಚನದ ಪ್ರಶ್ನೆ.

ಒಬ್ಬ ಹುಡುಗಿ ಬರೆದಿದ್ದಳು: ಒಂದು ಗಂಡು ಲಿಂಗಾಣು ಅಂಡದ ಜೊತೆ ಸೇರುತ್ತದೆ, ಇನ್ನೊಂದು ‘ಪೋಲಾರ್ ನ್ಯೂಕ್ಲಿಯಸ್’ ಜೊತೆ ಸೇರಿ ಎಂಡೋಸ್ಪರ್ಮ್ ಆಗುತ್ತದೆ, ಅದು 3n. ಲೆಕ್ಕ ಹಾಕಿ ನೋಡಿ. ಲಿಂಗಾಣುವಿನದು n, ಒಂದು ಪೋಲಾರ್ ನ್ಯೂಕ್ಲಿಯಸ್‌ನದು n, ಕೂಡಿದರೆ 2n. ಹಾಗಾದರೆ ಮೂರನೆಯ n ಎಲ್ಲಿಂದ ಬಂತು? ಭ್ರೂಣಚೀಲದ ನಡುವಿನ ಕೋಶದಲ್ಲಿರುವುದು ಪೋಲಾರ್ ನ್ಯೂಕ್ಲಿಯೈ, ಅಂದರೆ ಎರಡು. ಲಿಂಗಾಣುವಿನದೂ ಸೇರಿ ಮೂರು ಒಂದಾಗುವುದರಿಂದಲೇ ಅದಕ್ಕೆ ಟ್ರಿಪಲ್ ಫ್ಯೂಷನ್ ಎಂಬ ಹೆಸರು. ಅವಳನ್ನು ಕರೆದು ಕೇಳಿದೆ. ‘ಎರಡು ಅಂತ ಗೊತ್ತಿತ್ತು ಸರ್, ನ್ಯೂಕ್ಲಿಯಸ್ ಅಂದ್ರೆ ಎರಡೂ ಬರುತ್ತೆ ಅಂದ್ಕೊಂಡೆ’ ಎಂದಳು. ತೆಂಗಿನಕಾಯಿಯ ಲೆಕ್ಕವೇ! ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತು, ಆದರೆ ಅವಳ ಹೆಸರೇ ಕಾಣದ ಮೌಲ್ಯಮಾಪಕರ ಮುಂದಿರುವುದು ಹಾಳೆ ಮಾತ್ರ.

ಕೊನೆಯ ಐದು ನಿಮಿಷದಲ್ಲಿ ಉತ್ತರವನ್ನೆಲ್ಲ ಮತ್ತೆ ಓದಲು ಹೋಗಬೇಡ, ಇಂಥ ಪದ ಕಂಡಲ್ಲಿ ಅದರ ಹಿಂದೆ ಮುಂದೆ ಮಾತ್ರ ನೋಡು ಎಂದೆ. ಹಿಂದೆ ‘ಎ’, ‘ಈಚ್’ ಇದ್ದರೆ ಏಕವಚನ, ‘ಟೂ’, ‘ಮೆನಿ’ ಇದ್ದರೆ ಬಹುವಚನ. ಮುಂದಿನ ಈಸ್, ಆರ್ ಅದಕ್ಕೆ ಹೊಂದಬೇಕು. ‘ಈಚ್ ಸ್ಟೊಮಾಟಾ ಹ್ಯಾಸ್ ಟೂ ಗಾರ್ಡ್ ಸೆಲ್ಸ್’ ಎಂಬಲ್ಲಿ ಈಚ್ ಕಂಡೊಡನೆ ಸ್ಟೊಮಾಟಾ ಹೊಡೆದು ಸ್ಟೋಮ ಮಾಡಬಹುದು. ಏಕವಚನವೇ ನೆನಪಾಗದಿದ್ದರೆ ಕಳ್ಳದಾರಿಯೊಂದಿದೆ: ‘ಎ ಬ್ಯಾಕ್ಟೀರಿಯಲ್ ಸೆಲ್’ ಎಂದು ಬರೆದರೆ ಯಾರೂ ತಪ್ಪು ಹಿಡಿಯಲಾರರು.

ಹುಡುಗಿ ನ್ಯೂಕ್ಲಿಯಸ್ ಹೊಡೆದು ನ್ಯೂಕ್ಲಿಯೈ ಬರೆದಳು. ಪಕ್ಕದಲ್ಲಿ ಪುಟ್ಟದಾಗಿ n + n + n ಎಂದೂ ಸೇರಿಸಿದಳು. ಎಳನೀರು ಕೂಡ ಎಂಡೋಸ್ಪರ್ಮ್, ಗೋಡೆ ಕಟ್ಟಿಕೊಳ್ಳದ ಸಾವಿರಾರು ನ್ಯೂಕ್ಲಿಯೈ ಅದರಲ್ಲಿ ತೇಲುತ್ತಿರುತ್ತವೆ ಎಂದಾಗ ನಕ್ಕು, ‘ಹಾಗಾದ್ರೆ ಅದನ್ನ ಒಂದು ಎಳನೀರು ಅನ್ನಬಹುದಾ ಸರ್?’ ಎಂದು ಕೇಳಿದಳು.