ಮೂರನೇ ಅಂಕದ ಮೇಲೆ ಕಣ್ಣಿರಲಿ

ಐದನೇ ಇಂಟರ್ನಲ್ ಟೆಸ್ಟ್‌ಗೆ ನಾಲ್ಕು ದಿನ ಬಾಕಿಯಿತ್ತು. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಗಣಿತದಲ್ಲಿ ಅವಳು ಬರೆದ ನಾಲ್ಕು ಟೆಸ್ಟ್‌ಗಳ ಅಂಕಗಳು ಅದರಲ್ಲಿದ್ದವು: 24, 18, 13, 21. ಎಲ್ಲವೂ 30ಕ್ಕೆ. ಕೆಳಗೆ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿ 19 ಎಂದು ಬರೆದುಕೊಂಡಿದ್ದಳು.

“ಸರ್, ಇದೂ ಕೆಟ್ಟರೆ ಇನ್ನೂ ಕೆಳಗೆ ಹೋಗ್ತದೆ. ಬರೀದೇ ಇದ್ದರೆ ಆಗ್ತದಾ?” ಎಂದಳು.

ಅವಳ ಕೂಡುವಿಕೆ ತಪ್ಪಿರಲಿಲ್ಲ, ನಿಯಮವನ್ನು ತಪ್ಪಾಗಿ ತಿಳಿದಿದ್ದಳು. ಅವರ ಕಾಲೇಜಿನಲ್ಲಿ ಐದು ಟೆಸ್ಟ್‌ಗಳ ಪೈಕಿ ಹೆಚ್ಚು ಅಂಕ ಬಂದ ಮೂರನ್ನು ಮಾತ್ರ ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಇಂಥ ನಿಯಮ ಹೊಸದೇನಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಮೂರು ಪೀರಿಯಾಡಿಕ್ ಟೆಸ್ಟ್‌ಗಳಲ್ಲಿ ಉತ್ತಮವಾದ ಎರಡರ ಸರಾಸರಿ ತೆಗೆಯುವ ಪದ್ಧತಿ ಇದೇ ಜಾತಿಯದು. ಮಕ್ಕಳಿಗೆ ನಿಯಮ ಬಾಯಲ್ಲಿ ಗೊತ್ತಿರುತ್ತದೆ, ಲೆಕ್ಕ ಹಾಕಲು ಕೂತಾಗ ಮಾತ್ರ ಹಳೆಯ ಅಭ್ಯಾಸದಂತೆ ಎಲ್ಲವನ್ನೂ ಕೂಡಿಬಿಡುತ್ತಾರೆ.

ಮೊದಲು ಅಂಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಲು ಹೇಳಿದೆ. 24, 21, 18, 13. ಮೊದಲ ಮೂರನ್ನು ಕೂಡಿದರೆ 63, ಸರಾಸರಿ 21. ಈ 21 ಆಗಲೇ ಅವಳ ಕೈಯಲ್ಲಿದೆ. ಐದನೇ ಟೆಸ್ಟ್‌ನಲ್ಲಿ ಸೊನ್ನೆ ಬಂದರೂ ಅದು ಕರಗುವುದಿಲ್ಲ, ಏಕೆಂದರೆ ಸೊನ್ನೆ ಮೊದಲ ಮೂರರ ಸಾಲಿಗೆ ಬರುವುದೇ ಇಲ್ಲ. ಹೊಸ ಅಂಕ ಒಳಗೆ ಬರಬೇಕಾದರೆ ಮೂರನೇ ಜಾಗದಲ್ಲಿರುವ 18ನ್ನು ಹೊರಗೆ ತಳ್ಳಬೇಕು. ಹಾಗಾಗಿ ಅವಳು ಗಮನಿಸಬೇಕಾದ ಸಂಖ್ಯೆ 24 ಅಲ್ಲ, 13 ಕೂಡ ಅಲ್ಲ. ಅದು 18. ಹದಿನೆಂಟರವರೆಗೆ ಎಷ್ಟು ಬಂದರೂ ಒಂದೇ. ಅಲ್ಲಿಂದ ಮೇಲೆ ಬರುವ ಒಂದೊಂದು ಅಂಕವೂ ಸರಾಸರಿಗೆ ಮೂರನೇ ಒಂದು ಪಾಲು ಸೇರಿಸುತ್ತದೆ. ಮೂವತ್ತಕ್ಕೆ ಮೂವತ್ತು ಬಂದರೆ ಮೊತ್ತ 75, ಸರಾಸರಿ 25. ಅಂದರೆ ಉಳಿದ ಒಂದು ಟೆಸ್ಟ್ ಅವಳನ್ನು 21ರಿಂದ 25ರ ನಡುವೆ ಎಲ್ಲಾದರೂ ನಿಲ್ಲಿಸಬಹುದು, ಅದಕ್ಕಿಂತ ಕೆಳಗಲ್ಲ, ಮೇಲೂ ಅಲ್ಲ.

“ಹಾಗಾದರೆ 23 ಬೇಕು ಅಂದ್ರೆ ಎಷ್ಟು ತೆಗೀಬೇಕು ಸರ್?”

ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಸರಾಸರಿ 23 ಆಗಬೇಕಾದರೆ ಮೊತ್ತ 69 ಬೇಕು. ಮೊದಲೆರಡು ಜಾಗಗಳ 24 ಮತ್ತು 21 ಸೇರಿ 45 ಆಗಲೇ ಇದೆ. ಉಳಿದದ್ದು 24. ಆದರೆ ಆ ಕಾಲೇಜಿನಲ್ಲಿ ಸರಾಸರಿಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. 23 ಅಂಕ ಬಂದರೆ ಮೊತ್ತ 68, ಸರಾಸರಿ 22.67, ಪಟ್ಟಿಯಲ್ಲಿ ಬರೆಯುವುದು 23. ಒಂದು ಅಂಕ ಕಡಿಮೆ ಬಂದರೂ ಗುರಿ ಮುಟ್ಟುತ್ತದೆ.

ಇದನ್ನೇ ಪೂರ್ತಿ ಬರೆದು ನೋಡಿದರೆ ಒಂದು ಮೆಟ್ಟಿಲ ಸಾಲು ಕಾಣುತ್ತದೆ. 19 ಬಂದರೆ ಮೊತ್ತ 64, ಸರಾಸರಿ 21.33, ಬರೆಯುವುದು ಮತ್ತೆ 21. 20 ಬಂದರೆ 22 ಆಗುತ್ತದೆ. 21, 22 ಬಂದರೂ 22 ಆಗಿಯೇ ಉಳಿಯುತ್ತದೆ. 23ಕ್ಕೆ ಮುಂದಿನ ಮೆಟ್ಟಿಲು, ಆಮೇಲೆ 26, ಆಮೇಲೆ 29. ನಡುವಿನ ಅಂಕಗಳು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕೆಲವು ಕಡೆ ಭಿನ್ನರಾಶಿ ಎಷ್ಟೇ ಇದ್ದರೂ ಮೇಲಿನ ಅಂಕಕ್ಕೇ ಏರಿಸುತ್ತಾರೆ. ಅಲ್ಲಿ ಮೆಟ್ಟಿಲುಗಳು ಒಂದೊಂದು ಕೆಳಗಿಳಿದು 19, 22, 25, 28 ಆಗುತ್ತವೆ. ತಮ್ಮ ವಿಭಾಗದಲ್ಲಿ ಯಾವ ರೀತಿ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಟೆಸ್ಟ್‌ಗಳ ಒಟ್ಟು ಅಂಕಗಳು ಬೇರೆ ಬೇರೆಯಾಗಿದ್ದರೆ ಎಲ್ಲವನ್ನೂ ಒಂದೇ ಅಳತೆಗೆ ತಂದ ಮೇಲೆಯೇ ಸಾಲಾಗಿ ಬರೆಯಬೇಕು. 20ಕ್ಕೆ ಬಂದ 16 ಎಂದರೆ 30ಕ್ಕೆ 24. ಅದು 18ಕ್ಕಿಂತ ಕೆಳಗಿನದಲ್ಲ.

ಇನ್ನು ಓದಿನ ಯೋಜನೆ. ನಾಲ್ಕು ದಿನದಲ್ಲಿ ಎರಡು ದಾರಿಗಳಿವೆ ಎಂದಳು. ಎಲ್ಲ ಪಾಠವನ್ನೂ ಒಮ್ಮೆ ಮೇಲೆ ಮೇಲೆ ನೋಡಿಕೊಂಡರೆ 19ರ ಆಸುಪಾಸು ಖಂಡಿತ ಬರುತ್ತದೆ. ಅದರ ಬದಲು ಡಿಫರೆನ್ಷಿಯಲ್ ಈಕ್ವೇಶನ್‌ನ ದೊಡ್ಡ ಲೆಕ್ಕಗಳನ್ನೇ ಹಿಡಿದು ಕೂತರೆ, ಅವು ಬಂದರೆ 24, ಬರದಿದ್ದರೆ 14. ಸಾಮಾನ್ಯವಾಗಿ ಹಿರಿಯರು ಮೊದಲ ದಾರಿಯನ್ನೇ ಹೇಳುತ್ತಾರೆ. ಇಲ್ಲಿ ಅದು ಸರಿಹೋಗುವುದಿಲ್ಲ. 19 ಬಂದರೆ ಪಟ್ಟಿಯಲ್ಲಿ 21, 14 ಬಂದರೂ 21. 24 ಬಂದರೆ 23. ಎರಡನೇ ದಾರಿಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಸಿಕ್ಕಿದರೆ ಎರಡು ಅಂಕ. ಕೆಳಗೆ ಬಿದ್ದರೆ ಹಿಡಿಯಲು 18 ಕಾದಿರುವಾಗ ಎತ್ತರದ ಕೊಂಬೆಗೆ ಕೈಚಾಚಬಹುದು.

ಆದರೆ ಇದೇ ಮಾತನ್ನು ಅವಳ ತರಗತಿಯ ಇನ್ನೊಬ್ಬ ಹುಡುಗನಿಗೆ ನಾನು ಹೇಳಲಾರೆ. ಅವನ ಅಂಕಗಳು 24 ಮತ್ತು 21, ಉಳಿದೆರಡು ಟೆಸ್ಟ್‌ಗೆ ಆಬ್ಸೆಂಟ್. ಮೊದಮೊದಲು “ಹೇಗೂ ಎರಡು ಬಿಡಬಹುದಲ್ಲ” ಎಂದು ಮನೆಯಲ್ಲೇ ಉಳಿದ. ಈಗ ಅವನ ಮೂರನೇ ಜಾಗದಲ್ಲಿ ಇರುವುದು ಸೊನ್ನೆ. ಐದನೇ ಟೆಸ್ಟ್‌ನ ಮೊದಲ ಅಂಕದಿಂದಲೇ ಅವನ ಲೆಕ್ಕ ಶುರು. 14 ಬಂದರೆ ಮೊತ್ತ 59, ಪಟ್ಟಿಯಲ್ಲಿ 20. 19 ಬಂದರೆ 64, ಪಟ್ಟಿಯಲ್ಲಿ 21. ಅವತ್ತು ಜ್ವರ ಬಂದು ಮಲಗಿದರೆ ಬರೀ 15. ಅವನಿಗೆ ಎಲ್ಲ ಪಾಠವನ್ನೂ ನೋಡಿಕೊಳ್ಳುವ ನಿಧಾನದ ದಾರಿಯೇ ಕ್ಷೇಮ. ಬಿಡಲು ಅವಕಾಶವಿರುವ ಟೆಸ್ಟ್‌ಗಳನ್ನು ಮೊದಲೇ ಖರ್ಚು ಮಾಡಿಬಿಟ್ಟರೆ ಕೊನೆಗೆ ಆಸರೆ ಇರುವುದಿಲ್ಲ.

ಹುಡುಗಿಗೆ ಇನ್ನೊಂದು ತೊಡಕಿತ್ತು. ಗಣಿತದ ಮರುದಿನವೇ ರಸಾಯನಶಾಸ್ತ್ರದ ಐದನೇ ಟೆಸ್ಟ್. ಅದರಲ್ಲಿ ಅವಳ ಅಂಕ 27, 26, 25, 20. ಇಷ್ಟದ ವಿಷಯ, ಅದನ್ನೇ ಹೆಚ್ಚು ಓದುವ ಆಸೆ. ಅಲ್ಲಿ ಮೂರನೇ ಅಂಕ 25. ಪೂರ್ತಿ 30 ತೆಗೆದರೂ ಮೊತ್ತ 78ರಿಂದ 83ಕ್ಕೆ ಏರಿ, ಪಟ್ಟಿಯಲ್ಲಿ 26 ಇದ್ದದ್ದು 28 ಆಗುತ್ತದೆ. ಅಷ್ಟೇ ಎರಡು ಅಂಕದ ಏರಿಕೆಗೆ ಗಣಿತದಲ್ಲಿ 23 ಸಾಕು. ನಾಲ್ಕು ದಿನದ ಹೆಚ್ಚಿನ ಪಾಲು ಎಲ್ಲಿಗೆ ಹೋಗಬೇಕೆಂದು ಅವಳೇ ಹೇಳಿದಳು.

ಈ ಲೆಕ್ಕ ಇಂಟರ್ನಲ್‌ಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಹೇಳಿದೆ. ಅವಳು ಈಗ ಬಿಟ್ಟ ಪಾಠ ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಬಂದೇ ಬರುತ್ತದೆ, ಅಲ್ಲಿ ಆಸರೆಗೆ ಹಳೆಯ 18 ಇರುವುದಿಲ್ಲ. ಅದಕ್ಕೇ ಬಿಟ್ಟ ಅಧ್ಯಾಯಗಳ ಹೆಸರನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆಸಿದೆ.

ಹತ್ತು ದಿನದ ಮೇಲೆ ಬ್ಲೂ ಬುಕ್ ಕೊಟ್ಟರು. ಅವಳಿಗೆ 22 ಬಂದಿತ್ತು. ಮೊತ್ತ 67, ಸರಾಸರಿ 22.33, ಪಟ್ಟಿಯಲ್ಲಿ 22. ಮೆಟ್ಟಿಲಿಗೆ ಒಂದೇ ಅಂಕ ಕಡಿಮೆ ಎಂದು ಅವಳಿಗೆ ಗೊತ್ತಿತ್ತು, ಹಾಗಾಗಿ ಪುಟ ಪುಟವನ್ನೂ ಕೂಡಿ ನೋಡಿದಳು. ಮೂರನೇ ಪ್ರಶ್ನೆಯ ಒಂದು ಅಂಕ ಮುಖಪುಟದ ಚೌಕಕ್ಕೆ ಬಂದಿರಲಿಲ್ಲ. ತೋರಿಸಿದಳು, ಮೇಷ್ಟ್ರು ತಿದ್ದಿ 23 ಮಾಡಿದರು. ಪಟ್ಟಿಯಲ್ಲೂ 23 ಆಯಿತು.

ಸ್ಟಾಫ್ ರೂಮಿಗೆ ಬಂದು ಚೀಟಿಯನ್ನು ಮತ್ತೆ ನನ್ನ ಮುಂದಿಟ್ಟಳು. ಸಾಲು ಈಗ 24, 23, 21, 18, 13 ಎಂದಿತ್ತು. ಹಿಂಬದಿಯ ಅಧ್ಯಾಯಗಳಲ್ಲಿ ಒಂದಕ್ಕೆ ಆಗಲೇ ಟಿಕ್ ಹಾಕಿದ್ದಳು.