ಚೌಕಟ್ಟಿನಾಚೆ ಉಳಿದ ದಡಿ

ಹಳೆಯ ಗುಂಪು ಫೋಟೊ ಹಿಡಿದು, ಇದರಲ್ಲಿ ಅಜ್ಜಿಯೊಬ್ಬರನ್ನೇ ಬೇರೆ ಮಾಡಿ ಗೋಡೆಗೆ ಹಾಕುವಂಥ ದೊಡ್ಡ ಪಟ ಮಾಡಿಕೊಡಿ ಎಂದು ಸ್ಟುಡಿಯೊಗೆ ಬರುವವರಿದ್ದಾರೆ. ಅಜ್ಜಿ ಸಾಲಿನ ತುದಿಗೆ ನಿಂತಿದ್ದಾರೆ ಎನ್ನೋಣ. ಉಟ್ಟ ಚೌಕಳಿಯ ಇಳಕಲ್ ಸೀರೆ ಮೊಣಕಾಲಿನ ಹತ್ತಿರ ತುಂಡಾಗಿದೆ. ಎಡಗೈ ಕುಪ್ಪಸದ ತೋಳು ಮುಗಿಯುವ ಮೊದಲೇ ಚೌಕಟ್ಟಿನಾಚೆ ಹೋಗಿದೆ. ಮನೆಯವರಿಗೆ ಬೇಕಾದದ್ದು ಕಾಲಿನ ತನಕ ಇರುವ ಪೂರ್ತಿ ಪಟ.

ಅವಸರದಲ್ಲಿರುವವರು ಚಿತ್ರದ ಕೆಳಗಿನ ಪಟ್ಟಿಯನ್ನು ಆಯ್ದು ಕೆಳಕ್ಕೆ ಎಳೆದುಬಿಡುತ್ತಾರೆ. ಸೀರೆಯೇನೋ ಉದ್ದವಾಗುತ್ತದೆ, ಆದರೆ ಮೇಲೆ ಚೌಕವಾಗಿದ್ದ ಚೌಕಳಿ ಕೆಳಗೆ ಹೋಗುತ್ತಾ ಉದ್ದುದ್ದ ಪಟ್ಟೆಯಾಗುತ್ತದೆ. ನೆರಿಗೆಗಳು ನೀರಿನ ಪೈಪುಗಳಂತೆ ನೆಟ್ಟಗೆ ಇಳಿಯುತ್ತವೆ. ಏನು ತಪ್ಪಾಗಿದೆ ಎಂದು ನೋಡುವವರು ಹೇಳಲಾರರು, ಆದರೂ ಅವರ ಕಣ್ಣು ಅಲ್ಲೇ ಎಡವುತ್ತದೆ.

ಹಾಗಾಗಿ ಕೆಲಸ ಅಳತೆಯಿಂದ ಶುರುವಾಗಬೇಕು. ನೆತ್ತಿಯಿಂದ ಗದ್ದದ ತನಕ ಚಿತ್ರದಲ್ಲಿ 220 ಪಿಕ್ಸೆಲ್ ಇದೆ ಎಂದುಕೊಳ್ಳಿ. ದೊಡ್ಡವರ ತಲೆ ಸುಮಾರು 22 ಸೆಂ.ಮೀ. ಇರುವುದರಿಂದ 10 ಪಿಕ್ಸೆಲ್ ಅಂದರೆ 1 ಸೆಂ.ಮೀ. ಎಂಬ ಲೆಕ್ಕ ಸಿಗುತ್ತದೆ. ನಿಂತ ಮನುಷ್ಯರ ಎತ್ತರ ಅವರ ತಲೆಯ ಏಳು, ಏಳೂವರೆ ಪಟ್ಟು. ಅಜ್ಜಿ ಕುಳ್ಳಗಿದ್ದರೆ ಏಳೇ ಸಾಕು: 1540 ಪಿಕ್ಸೆಲ್. ಫೋಟೊ 1100ಕ್ಕೆ ನಿಂತಿದ್ದರೆ ನೆಲ ಇನ್ನೂ 440 ಪಿಕ್ಸೆಲ್ ಕೆಳಗಿದೆ. ಸೀರೆಯ ಅಂಚು ನೆಲಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆ ನಿಂತರೆ ಪಾದದ ಬಹುಭಾಗ ಮುಚ್ಚಿಹೋಗುತ್ತದೆ. ಪಾದ ಬಿಡಿಸುವುದು ಕಷ್ಟದ ಕೆಲಸ; ಸೀರೆ ಅದನ್ನು ಉಳಿಸಿಕೊಡುತ್ತದೆ.

ಆಮೇಲೆ, ಸೀರೆ ಉಟ್ಟದ್ದು ಹೇಗೆ ಎಂದು ತಿಳಿಯಬೇಕು. ಬಹಳ ಜನ ಎಡವುವುದು ಇಲ್ಲೇ ಎಂದು ನನ್ನ ಎಣಿಕೆ. ಉತ್ತರ ಕರ್ನಾಟಕದ ಹಿರಿಯ ಹೆಂಗಸರಲ್ಲಿ ಕಚ್ಚೆ ಹಾಕುವ ರೂಢಿಯಿತ್ತು. ಕಚ್ಚೆಯುಟ್ಟವರಿಗೆ ಈಗಿನ ನೆರಿಗೆ ಬಿಡಿಸಿಟ್ಟರೆ ಚಿತ್ರ ಎಷ್ಟೇ ನುಣುಪಾಗಿದ್ದರೂ ಮೊಮ್ಮಕ್ಕಳು ಒಪ್ಪುವುದಿಲ್ಲ. ಸುಳಿವು ಉಳಿದ ಭಾಗದಲ್ಲೇ ಸಿಗುತ್ತದೆ. ತೊಡೆಗಳ ನಡುವೆ ಬಟ್ಟೆ ಹಿಂದಕ್ಕೆ ಎಳೆದಂತಿದ್ದು ಮಡಿಕೆಗಳು ಓರೆಯಾಗಿದ್ದರೆ ಕಚ್ಚೆ. ಸೊಂಟದಿಂದ ನೇರ ಇಳಿದಿದ್ದರೆ ನೆರಿಗೆ. ನಮ್ಮ ಅಜ್ಜಿಯದು ನೆರಿಗೆ.

ಇನ್ನು ದಡಿ. ಸೆರಗಿನ ಮೇಲೆ ಅದು ಎಲ್ಲಿ ಚಪ್ಪಟೆಯಾಗಿ ಕಾಣುತ್ತದೋ ಅಲ್ಲಿ ಅಗಲ ಅಳೆಯಿರಿ. ಅಲ್ಲಿ 90 ಪಿಕ್ಸೆಲ್ ಇದ್ದು ಎರಡು ಕಡೆಯ ದಡಿಯೂ ಒಂದೇ ಬಗೆಯದಾದರೆ ಕೆಳಗೂ 90 ಇರಬೇಕು. ನೆರಿಗೆ ಬಟ್ಟೆಯನ್ನು ಅಡ್ಡಕ್ಕೆ ಮಡಚುತ್ತದೆಯೇ ಹೊರತು ಉದ್ದಕ್ಕೆ ಕುಗ್ಗಿಸುವುದಿಲ್ಲ. ಆದ್ದರಿಂದ ದಡಿಯ ಎತ್ತರ ಉಳಿಯುತ್ತದೆ, ಅದರ ವಿನ್ಯಾಸ ಮಾತ್ರ ಪ್ರತಿ ಮಡಿಕೆಯಲ್ಲೂ ತುಂಡಾಗಿ ಬೇರೊಂದು ಕಡೆಯಿಂದ ಮತ್ತೆ ಶುರುವಾಗುತ್ತದೆ. ಸೆರಗಿನ ದಡಿಯನ್ನು ಹಾಗೇ ನಕಲು ಮಾಡಿ ಕೆಳಗೆ ಅಡ್ಡಲಾಗಿ ಅಂಟಿಸಿದರೆ ಸೀರೆಗೆ ರಿಬ್ಬನ್ ಸುತ್ತಿದಂತಾಗುತ್ತದೆ. ಒಂದೊಂದು ನೆರಿಗೆಗೂ ಒಂದೊಂದು ತುಂಡು ಬೇಕು, ತುಂಡುಗಳ ತುದಿ ಒಂದಕ್ಕೊಂದು ಸ್ವಲ್ಪ ಮೇಲೆ ಕೆಳಗೆ ಇರಬೇಕು.

ಅಂಚಿನ ಒಟ್ಟು ಗೆರೆಯೂ ನೇರವಲ್ಲ. ಕ್ಯಾಮೆರಾ ಎದೆಯ ಮಟ್ಟದಲ್ಲಿದ್ದರೆ ಅದು ಸೀರೆಯ ಅಂಚನ್ನು ಮೇಲಿನಿಂದ ನೋಡಿರುತ್ತದೆ. ಮೈಸುತ್ತಿದ ಗೆರೆ ಆಗ ನಡುವೆ ಕೆಳಕ್ಕೆ ಬಾಗಿ ಬದಿಗಳಲ್ಲಿ ಮೇಲೇಳುತ್ತದೆ. ಕುಪ್ಪಸದ ತೋಳಿನ ಅಂಚು ಹೆಚ್ಚುಕಡಿಮೆ ಕ್ಯಾಮೆರಾದ ಮಟ್ಟದಲ್ಲೇ ಇರುವುದರಿಂದ ಅದು ಬಹುತೇಕ ನೇರವಾಗಿ ಕಾಣುತ್ತದೆ. ಎರಡಕ್ಕೂ ಒಂದೇ ಬಾಗು ಕೊಟ್ಟರೆ ಒಂದು ಸುಳ್ಳಾಗುತ್ತದೆ.

ತೋಳಿಗೆ ಸುಲಭದ ದಾರಿ ಬಲತೋಳನ್ನು ಕನ್ನಡಿಯಂತೆ ತಿರುಗಿಸಿ ಕೂರಿಸುವುದು. ಭುಜದಿಂದ ಅಂಚಿಗೆ ಎಷ್ಟು ದೂರ ಎಂಬುದನ್ನು ಹಾಗೆ ಎರವಲು ಪಡೆಯಬಹುದು. ಮಡಿಕೆ, ನೆರಳು ಎರವಲು ಬರುವುದಿಲ್ಲ. ಬೆಳಕು ಬಲದಿಂದ ಬಿದ್ದಿದ್ದರೆ ತಿರುಗಿಸಿದ ತೋಳಿನ ನೆರಳು ತಪ್ಪು ಬದಿಗೆ ಬೀಳುತ್ತದೆ, ಆಗ ಒಬ್ಬರೇ ಅಜ್ಜಿಗೆ ಎರಡು ಸೂರ್ಯ. ಕೈ ಬಾಗಿದೆಯೇ, ಇಳಿಬಿಟ್ಟಿದೆಯೇ ಎಂದು ಕಂಕುಳಿನ ಸುಕ್ಕು ನೋಡಿ ಊಹಿಸಿ, ಮಡಿಕೆಗಳನ್ನು ಅಲ್ಲಿಂದಲೇ ಹೊರಡಿಸಬೇಕು.

ಬಟ್ಟೆಯ ಮೈಯನ್ನು ಕ್ಲೋನ್ ಸ್ಟಾಂಪಿನಿಂದ ತುಂಬುವಾಗ ಒಂದೇ ಜಾಗದಿಂದ ಪದೇ ಪದೇ ಎತ್ತಬಾರದು. ಒಂದೇ ಸುಕ್ಕು ಎರಡು ಕಡೆ ಕಂಡರೆ ಗುಟ್ಟು ರಟ್ಟು. ಕೈಯಿಂದ ಬಿಡಿಸಿದ ಕಡೆ ಹಳೆಯ ಫಿಲ್ಮಿನ ಕಾಳು ಇರುವುದಿಲ್ಲವಾದ್ದರಿಂದ ಅದು ಪ್ಲಾಸ್ಟಿಕ್ಕಿನಂತೆ ಮಿನುಗುತ್ತದೆ. ಅದೇ ಗಾತ್ರದ ಕಾಳನ್ನು ಕೊನೆಗೆ ಸೇರಿಸಬೇಕು. ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ, ಕಣ್ಣು ಒಗ್ಗಿಹೋಗಿದ್ದ ತಪ್ಪುಗಳು ಥಟ್ಟನೆ ಎದ್ದು ಕಾಣುತ್ತವೆ.

ಇಷ್ಟೆಲ್ಲ ಮಾಡಿದರೂ ತೋಳಂಚಿನಲ್ಲಿ ಕಸೂತಿ ಇತ್ತೇ, ಬೆರಳಲ್ಲಿ ಉಂಗುರವಿತ್ತೇ ಎಂದು ಫೋಟೊ ಹೇಳುವುದಿಲ್ಲ. ಅದೇ ಕುಪ್ಪಸದ ಇನ್ನೊಂದು ಫೋಟೊ ಮನೆಯಲ್ಲಿ ಸಿಕ್ಕರೆ ಸರಿ, ಇಲ್ಲವಾದರೆ ಅಂಚನ್ನು ಸಾದಾ ಬಿಡುವುದೇ ಮೇಲು. ಪೂರ್ತಿ ಕೈಯನ್ನೇ ಹುಟ್ಟಿಸಬೇಕಾದ ಪರಿಸ್ಥಿತಿ ಬಂದರೆ ನಾನಾದರೆ ಸೊಂಟದ ಮೇಲಿನ ಪಟವನ್ನೇ ಚೆನ್ನಾಗಿ ಕತ್ತರಿಸಿಕೊಡುವೆ. ಪೂರ್ತಿ ಪಟವೇ ಆದಾಗ, ಮೂಲ ಸ್ಕ್ಯಾನನ್ನೂ ಜೊತೆಗೆ ಕೊಟ್ಟು ಹೊಸ ಭಾಗ ಎಲ್ಲಿಂದ ಶುರು ಎಂದು ಪಟದ ಹಿಂಬದಿಯಲ್ಲಿ ಬರೆದಿಡಬೇಕು.