ಹುಡುಕುವವರಿಗೆ ಬೇಕಾದದ್ದು ವಿಧಾನವೋ, ಪಟ್ಟಿಯೋ?

ಆಲ್ಟಾವಿಸ್ಟಾ ಬಳಕೆದಾರರ ಹುಡುಕಾಟಗಳನ್ನು ಪರಿಶೀಲಿಸಿದ ಕಂಪ್ಯೂಟರ್ ವಿಜ್ಞಾನಿ ಆಂಡ್ರೇ ಬ್ರೋಡರ್, 2002ರ ಪ್ರಬಂಧದಲ್ಲಿ ಅವುಗಳ ಉದ್ದೇಶವನ್ನು ಮೂರಾಗಿ ವಿಂಗಡಿಸಿದರು: ಮಾಹಿತಿ ಪಡೆಯಲು, ಗೊತ್ತಿರುವ ತಾಣ ತಲುಪಲು, ಕೊಳ್ಳುವಂಥ ಕೆಲಸ ಮುಗಿಸಲು. ಕೊಳ್ಳುವ ಮುನ್ನ ಹೋಲಿಸಿ ನೋಡುವವರನ್ನು ಮಾರುಕಟ್ಟೆಯ ಜನ ಆಮೇಲೆ ನಾಲ್ಕನೆಯ ಗುಂಪಾಗಿಸಿದರು. ಬರೆಯುವವರಿಗೆ ಮುಖ್ಯವಾದದ್ದು ಮೊದಲನೆಯದು ಮತ್ತು ಈ ನಾಲ್ಕನೆಯದು.

ಫಿಲ್ಟರ್ ಕಾಫಿಯನ್ನೇ ತೆಗೆದುಕೊಳ್ಳಿ. ‘ಫಿಲ್ಟರ್ ಕಾಫಿ ಮಾಡುವುದು ಹೇಗೆ’ ಎಂದು ಕೇಳುವವರ ಮನೆಯಲ್ಲಿ ಬಹುಶಃ ಪುಡಿ ಆಗಲೇ ಇದೆ. ಎಷ್ಟು ಚಮಚ, ನೀರು ಎಷ್ಟು ಬಿಸಿ, ಡಿಕಾಕ್ಷನ್ ಇಳಿಯದಿದ್ದರೆ ಏನು ಮಾಡಬೇಕು ಎಂದು ಹಂತಹಂತವಾಗಿ ಹೇಳುವ ಒಂದೇ ವಿಧಾನ ಅವರಿಗೆ ಸಾಕು. ಅಲ್ಲಿ ‘ಹತ್ತು ಬಗೆಯ ಕಾಫಿ’ ಬಡಿಸಿದರೆ ಎದ್ದು ಹೋಗುತ್ತಾರೆ. ‘ಒಳ್ಳೆಯ ಕಾಫಿ ಪುಡಿ ಯಾವುದು’ ಎಂದವರಿಗಾದರೋ ಚಿಕೋರಿ ಪ್ರಮಾಣ, ಹುರಿದ ಹದ, ಬೆಲೆ ಒಟ್ಟಿಗೆ ಕಾಣುವ ಪಟ್ಟಿಯೇ ಬೇಕು.

ಬರೀ ‘ಫಿಲ್ಟರ್ ಕಾಫಿ’ ಎಂದರೆ?

ಊಹೆ ಬೇಡ. ಅದನ್ನೇ ಹುಡುಕಿ, ಮೊದಲ ಪುಟದ ಶೀರ್ಷಿಕೆಗಳನ್ನು ಓದಬೇಕು. ಹೆಚ್ಚಿನವು ಮಾಡುವ ಕ್ರಮ ಹೇಳುತ್ತಿದ್ದರೆ ಮಾರ್ಗದರ್ಶಿ, ಬ್ರ್ಯಾಂಡ್‌ಗಳನ್ನು ಎಣಿಸುತ್ತಿದ್ದರೆ ಪಟ್ಟಿ. ಎರಡೂ ಬೆರೆತಿದ್ದರೆ ಒಂದರಲ್ಲೇ ತುರುಕುವುದಕ್ಕಿಂತ ಎರಡು ಬರಹ ಮಾಡುವುದು ಲೇಸು. ಫಲಿತಾಂಶಗಳು ಕಾಲಕ್ರಮೇಣ ಬದಲಾಗುವುದರಿಂದ ಹಳೆಯ ಬರಹಗಳಿಗೂ ಈ ಪರೀಕ್ಷೆ ಆಗಾಗ ಬೇಕು.